ಎಂಟಡಿ ಸೀಲಿಂಗಿನಡಿ ಅಟ್ಮಾಸ್: ಮೇಲಕ್ಕೆ ಮುಖ ಮಾಡಿದ ಸ್ಪೀಕರ್ ಕೆಲಸ ಮಾಡುತ್ತದೆಯೇ?

ಈಗ ಬಳ್ಳಾರಿಯ ಯಾವ ಟಿವಿ ಅಂಗಡಿಗೆ ಹೋದರೂ ಸೌಂಡ್‌ಬಾರಿನ ಡಬ್ಬಿಯ ಮೇಲೆ ಡಾಲ್ಬಿ ಅಟ್ಮಾಸ್ ಅಂತ ಬರೆದಿರುತ್ತದೆ, ಅಂದರೆ ತಲೆಯ ಮೇಲಿನಿಂದಲೂ ಶಬ್ದ ಬಂದಂತೆ ಕೇಳಿಸುವ ತಂತ್ರ. ಹತ್ತು ಸಾವಿರದ ಡಬ್ಬಿಯ ಮೇಲೂ ಇರುತ್ತದೆ, ಎಂಬತ್ತು ಸಾವಿರದ್ದರ ಮೇಲೂ ಇರುತ್ತದೆ. ದುಬಾರಿ ಬಾರ್‌ಗಳ ನೆತ್ತಿಯ ಮೇಲೆ ಜಾಲರಿ ಕಾಣುತ್ತದೆ. ಅದರೊಳಗೆ ಮೇಲಕ್ಕೆ ಮುಖ ಮಾಡಿದ ಪುಟ್ಟ ಸ್ಪೀಕರ್ ಇರುತ್ತದೆ. ಅದು ಶಬ್ದವನ್ನು ಸೀಲಿಂಗಿಗೆ ಹೊಡೆಯುತ್ತದೆ, ಸೀಲಿಂಗ್ ಅದನ್ನು ನಮ್ಮ ಮೇಲೆ ಬೀಳಿಸುತ್ತದೆ, ಹೆಲಿಕಾಪ್ಟರ್ ತಲೆಯ ಮೇಲೆ ಹಾರಿದಂತೆ ಕೇಳುತ್ತದೆ. ಇದು ಅಂಗಡಿಯವರು ಹೇಳುವ ಕಥೆ.

ನಮ್ಮ ಕಡೆ ಇದಕ್ಕೊಂದು ಅಡ್ಡ ಪ್ರಶ್ನೆ ಬರುತ್ತದೆ. ಏಪ್ರಿಲ್, ಮೇ ತಿಂಗಳ ಕಾವು ತಡೆಯಲಾಗದೆ ಹತ್ತಡಿ ಸ್ಲ್ಯಾಬಿನ ಕೆಳಗೆ ಪಿಒಪಿ ಫಾಲ್ಸ್ ಸೀಲಿಂಗ್ ಮಾಡಿಸಿದವರು ಬೇಕಾದಷ್ಟು ಜನ ಇದ್ದಾರೆ. ಎಲ್‌ಇಡಿ ಪಟ್ಟಿ, ಎಸಿ ಪೈಪು, ವೈರು ಎಲ್ಲ ಅದರೊಳಗೆ ಹೋಗಿ, ಸೀಲಿಂಗ್ ಎಂಟೂವರೆಗೋ ಎಂಟು ಅಡಿಗೋ ಇಳಿದಿರುತ್ತದೆ. ಇಷ್ಟು ಕೆಳಗಿನ ಸೀಲಿಂಗಿನಲ್ಲಿ ಆ ಜಾಲರಿಗೆ ದುಡ್ಡು ಕೊಡಬೇಕಾ? "ಸೀಲಿಂಗ್ ಎತ್ತರ ಇದ್ದಷ್ಟೂ ಎಫೆಕ್ಟ್ ಜಾಸ್ತಿ" ಅಂತ ಒಬ್ಬರು ಹೇಳುತ್ತಾರೆ. "ಕೆಳಗಿದ್ದರೇನೇ ಚೆನ್ನ" ಅಂತ ಇನ್ನೊಬ್ಬರು. ಇಬ್ಬರದ್ದೂ ಅರ್ಧ ಸರಿ. ನನ್ನ ಮಟ್ಟಿಗೆ ಎಂಟಡಿ ಸೀಲಿಂಗಿನಿಂದ ಆಗುವ ತೊಂದರೆ ಸಣ್ಣದು. ನಾವು ಕೂರುವ ದೂರ, ಬಾರ್ ಇಡುವ ಜಾಗ, ಸೀಲಿಂಗಿನ ಮೈ, ಇವುಗಳಿಂದ ಆಗುವ ತೊಂದರೆಯೇ ದೊಡ್ಡದು.

ಮೊದಲು ಆ ಪುಟ್ಟ ಸ್ಪೀಕರ್ ಏನು ಮಾಡುತ್ತದೆ ನೋಡೋಣ. ಅಟ್ಮಾಸ್ ಥಿಯೇಟರಿಗೆ ಬಂದಿದ್ದು 2012ರಲ್ಲಿ, ಮನೆಗೆ 2014ರಲ್ಲಿ. ಥಿಯೇಟರಿನಲ್ಲಿ ಸೀಲಿಂಗಿಗೇ ಸ್ಪೀಕರ್ ನೇತು ಹಾಕುತ್ತಾರೆ. ಮನೆಯಲ್ಲಿ ಎಲ್ಲರೂ ಸೀಲಿಂಗ್ ಕೊರೆಸುವುದಿಲ್ಲವಲ್ಲ, ಹಾಗಾಗಿ ಮೇಲಕ್ಕೆ ಹೊಡೆದು ವಾಪಸ್ ಬೀಳಿಸುವ ಉಪಾಯ ಬಂತು. ಈ ಸ್ಪೀಕರ್ ನೆಟ್ಟಗೆ ಮೇಲೆ ನೋಡುವುದಿಲ್ಲ. ಸುಮಾರು 20 ಡಿಗ್ರಿ ನಮ್ಮ ಕಡೆಗೆ ವಾಲಿರುತ್ತದೆ.

ಅದರ ಜೊತೆ ಇನ್ನೊಂದು ಚಮತ್ಕಾರವೂ ಇದೆ. ಶಬ್ದ ಮೇಲಿನಿಂದ ಬಂತೋ ಎದುರಿನಿಂದ ಬಂತೋ ಅಂತ ನಮಗೆ ಗೊತ್ತಾಗುವುದು ಬಹುಮಟ್ಟಿಗೆ ಹೊರಕಿವಿಯ ಮಡಿಕೆಗಳಿಂದ. ಬೇರೆ ಬೇರೆ ಎತ್ತರದಿಂದ ಬಂದ ಶಬ್ದದ ತೀಕ್ಷ್ಣ ಭಾಗವನ್ನು ಆ ಮಡಿಕೆಗಳು ಬೇರೆ ಬೇರೆ ರೀತಿ ಏರಿಸುತ್ತವೆ, ತಗ್ಗಿಸುತ್ತವೆ. ಮೇಲಿನಿಂದ ಬಂದ ಶಬ್ದಕ್ಕೆ ಕಿವಿ ಹಚ್ಚುವ ಆ ಗುರುತನ್ನು ಡಾಲ್ಬಿಯವರು ಫಿಲ್ಟರ್ ಮಾಡಿ ಮೊದಲೇ ಶಬ್ದಕ್ಕೆ ಬೆರೆಸುತ್ತಾರೆ. ಸುಮಾರು 7 ಕಿಲೋಹರ್ಟ್ಸ್ ಹತ್ತಿರ ಸ್ವಲ್ಪ ಏರಿಕೆ, 12ರ ಹತ್ತಿರ ಒಂದು ತಗ್ಗು. ಅಂದರೆ ಎತ್ತರದ ಭ್ರಮೆ ನಿಂತಿರುವುದು ಮಳೆಯ ಚಿಟಪಟ, ಎಲೆಯ ಸರಸರ, ಹಕ್ಕಿಯ ಚಿಲಿಪಿಲಿ ಇಂಥ ತೆಳು ಶಬ್ದಗಳ ಮೇಲೆ. ಗುಡುಗಿನ ಗಡಗಡ ಮೇಲಿನಿಂದ ಬರುವುದೇ ಇಲ್ಲ. ದಪ್ಪ ಶಬ್ದವನ್ನು ಆ ಪುಟ್ಟ ಸ್ಪೀಕರ್ ನುಡಿಸಲಾರದು. ಅದು ಮುಂದಿನ ಸ್ಪೀಕರಿಗೂ ಸಬ್‌ವೂಫರಿಗೂ ಹೋಗುತ್ತದೆ.

ಇನ್ನು ಸೀಲಿಂಗಿನ ಎತ್ತರ. ಇದಕ್ಕೆ ಡಾಲ್ಬಿಯವರೇ ಒಂದು ಅಳತೆ ಕೊಟ್ಟಿದ್ದಾರೆ: ಸೀಲಿಂಗ್ ಚಪ್ಪಟೆಯಾಗಿರಬೇಕು, ಗಟ್ಟಿಯಾಗಿರಬೇಕು, ಏಳೂವರೆ ಅಡಿಯಿಂದ 12 ಅಡಿವರೆಗೆ ಇದ್ದರೆ ಒಳ್ಳೆಯದು. 14 ಅಡಿ ದಾಟಿದರೆ ಆಸೆ ಬಿಡಬೇಕು. ನಮ್ಮಲ್ಲಿ ವಾಸದ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಎತ್ತರ 2.75 ಮೀಟರ್, ಅಂದರೆ ಒಂಬತ್ತಡಿ. ಪಿಒಪಿ ಅದರಿಂದ ಒಂದಡಿ ತಿಂದರೂ ನಾವು ಡಾಲ್ಬಿಯ ಗೆರೆಯೊಳಗೇ ಇರುತ್ತೇವೆ.

ಹಾಗಾದರೆ ಎಂಟಡಿ ಕೋಣೆಯಲ್ಲಿ ಕೂತವರಿಗೆ ಏನೂ ಕೇಳಿಸದೆ ಹೋಗುವುದು ಯಾಕೆ? ಇದಕ್ಕೆ ಒಂದು ಮನೆಯನ್ನೇ ತಗೊಳ್ಳೋಣ. ಗಾಂಧಿನಗರದಲ್ಲಿರುವ ನಮ್ಮ ಭಾವನ ಮನೆ. ಟಿವಿ ಗೋಡೆಯಿಂದ ಹಿಂದಿನ ಗೋಡೆಗೆ 12 ಅಡಿ. ಪಿಒಪಿ ಆದ ಮೇಲೆ ಸೀಲಿಂಗ್ ಸರಿಯಾಗಿ ಎಂಟಡಿ. ಸೋಫಾ ಹಿಂದಿನ ಗೋಡೆಗೆ ಒರಗಿದೆ, ಎಲ್ಲರ ಮನೆಯಲ್ಲೂ ಇರುವ ಹಾಗೆ. ಬಾರ್ ಹೊಸದು, 3.1.2 ಅಂತ ಡಬ್ಬಿಯ ಮೇಲಿತ್ತು. ಆ ಕೊನೆಯ 2 ಅಂದರೆ ಎರಡು ಎತ್ತರದ ಚಾನೆಲ್. ಹಬ್ಬದ ಆಫರಿನಲ್ಲಿ ತಂದು ಹಚ್ಚಿದ ಮೇಲೆ ಭಾವ ಫೋನ್ ಮಾಡಿ, "ಮ್ಯಾಲಿಂದ ಏನೂ ಬರವಲ್ದಲ್ಲೋ, ಎಲ್ಲಾ ಟಿವಿ ಒಳಗಿಂದನ ಬರ್ತದ" ಅಂದರು.

ಹೋಗಿ ನೋಡಿದರೆ ಮೊದಲ ಕಾರಣ ಕಣ್ಣಿಗೇ ಕಂಡಿತು. ಬಾರ್ ಇದ್ದದ್ದು ಗೋಡೆಯ ಗೂಡಿನಲ್ಲಿ. ನಮ್ಮ ಕಡೆಯ ಮನೆಗಳಲ್ಲಿ ಗೋಡೆಯೊಳಗೆ ಕಡಪ ಕಲ್ಲಿನ ಹಲಗೆ ಕೂರಿಸಿ ಗೂಡು ಮಾಡುತ್ತಾರಲ್ಲ, ಅದರ ಕೆಳಗಿನ ಖಾನೆಯಲ್ಲಿ. ನೆತ್ತಿಯ ಮೇಲೆ ಗೇಣಗಲ ಜಾಗ, ಅದರ ಮೇಲೆ ಕಲ್ಲು. ಸ್ಪೀಕರಿಗೆ ಆ ಕಲ್ಲೇ ಸೀಲಿಂಗ್. ಶಬ್ದ ಅದಕ್ಕೆ ಬಡಿದು ನೇರ ಮುಂದಕ್ಕೆ ಬರುತ್ತಿತ್ತು. ಕೋಣೆ ಎಂಟಡಿ ಇದ್ದರೇನು, ಹನ್ನೆರಡು ಇದ್ದರೇನು? ಬಾರನ್ನು ಹೊರಗೆ ತೆಗೆದು, ಟಿವಿಯ ಮುಂದೆ ಎರಡಡಿ ಎತ್ತರದ ಮೇಜಿನ ಮೇಲೆ, ಟಿವಿಯ ಅಂಚು ಅದರ ನೆತ್ತಿಗೆ ಅಡ್ಡ ಬರದ ಹಾಗೆ ಇಟ್ಟೆವು. ಅರ್ಧ ಕೆಲಸ ಅಲ್ಲೇ ಆಯಿತು.

ಉಳಿದರ್ಧಕ್ಕೆ ಸ್ವಲ್ಪ ಲೆಕ್ಕ ಬೇಕು. ಬಾರ್ ಎರಡಡಿ ಎತ್ತರದಲ್ಲಿದೆ, ಸೋಫಾದಲ್ಲಿ ಕೂತವರ ಕಿವಿ ಮೂರಡಿಯಲ್ಲಿದೆ. ಶಬ್ದ ಆರಡಿ ಮೇಲೆ ಹೋಗಬೇಕು, ಐದಡಿ ಕೆಳಗೆ ಬರಬೇಕು. ಒಟ್ಟು ಹನ್ನೊಂದಡಿ. ಸ್ಪೀಕರ್ 20 ಡಿಗ್ರಿ ವಾಲಿರುವುದರಿಂದ, ಈ ಹನ್ನೊಂದಡಿ ಹತ್ತಿಳಿಯುವಷ್ಟರಲ್ಲಿ ಶಬ್ದದ ನಡುಗೆರೆ ಮುಂದಕ್ಕೆ ಸಾಗುವುದು ಬರೀ ನಾಲ್ಕಡಿ. ಭಾವ ಕೂರುವುದು ಬಾರಿನಿಂದ ಹತ್ತಡಿ ದೂರ. ಅಂದರೆ ಶಬ್ದದ ಗಟ್ಟಿ ಭಾಗ ಅವರಿಗಿಂತ ಆರಡಿ ಮುಂದೆ, ಖಾಲಿ ನೆಲದ ಮೇಲೆ ಬೀಳುತ್ತಿದೆ. ಅವರಿಗೆ ಸಿಗುವುದು ನಡುಗೆರೆಯಿಂದ 22 ಡಿಗ್ರಿ ಆಚೆಯ ಅಂಚು.

ಅಂಚಿನಲ್ಲಿ ಸಿಕ್ಕರೂ ಕೇಳಬೇಕಲ್ವಾ? ಕೇಳುತ್ತದೆ. ಆದರೆ ಸ್ಪೀಕರಿನ ನಡುಗೆರೆ ಬಿಟ್ಟು ಪಕ್ಕಕ್ಕೆ ಹೋದಷ್ಟೂ ಮೊದಲು ಸೋರಿ ಹೋಗುವುದು ತೀಕ್ಷ್ಣ ಶಬ್ದ. ಎತ್ತರದ ಗುರುತು ಇರುವುದು ಅದರಲ್ಲೇ. ದೂರ ಕೂತವರಿಗೆ ಶಬ್ದ ಬರುತ್ತದೆ, ಎತ್ತರ ಬರುವುದಿಲ್ಲ.

ಇನ್ನೊಂದು ಕಡೆಯಿಂದಲೂ ಏಟು ಬೀಳುತ್ತದೆ. ಈ ಪುಟ್ಟ ಸ್ಪೀಕರ್ ಟಾರ್ಚಿನಂತೆ ಒಂದೇ ದಿಕ್ಕಿಗೆ ಬೀರುವುದು ತೀರಾ ತೀಕ್ಷ್ಣ ಶಬ್ದವನ್ನು ಮಾತ್ರ. ಮಾತಿನ ಮಟ್ಟದ ಶಬ್ದ ಅದರಿಂದ ಸುತ್ತಲೂ ಹರಡುತ್ತದೆ, ನೇರ ನಮ್ಮ ಕಡೆಗೂ ಬರುತ್ತದೆ. ನೇರ ದಾರಿ ಹತ್ತಡಿ, ಸೀಲಿಂಗ್ ದಾರಿ ಹದಿನೈದಡಿ. ಹಾಗಾಗಿ ನೇರ ಬಂದದ್ದು ಸುಮಾರು ನಾಲ್ಕು ಮಿಲಿಸೆಕೆಂಡ್ ಮೊದಲೇ ಕಿವಿ ಮುಟ್ಟುತ್ತದೆ. ಇಷ್ಟು ಸಣ್ಣ ಅಂತರದಲ್ಲಿ ಒಂದೇ ಶಬ್ದ ಎರಡು ಸಲ ಬಂದರೆ, ಮೊದಲು ಬಂದದ್ದು ಯಾವ ದಿಕ್ಕಿನಿಂದ ಬಂತೋ ಅದನ್ನೇ ನಮ್ಮ ಮಿದುಳು ನಂಬುತ್ತದೆ. ಆಮೇಲೆ ಬಂದದ್ದನ್ನು ಅದರೊಳಗೆ ಸೇರಿಸಿಬಿಡುತ್ತದೆ. ಭಾವ "ಟಿವಿ ಒಳಗಿಂದನ ಬರ್ತದ" ಅಂದದ್ದು ಇದಕ್ಕೇ. ಒಳ್ಳೆಯ ಬಾರ್‌ಗಳಲ್ಲಿ ಮೇಲಿನ ಸ್ಪೀಕರನ್ನು ಸ್ವಲ್ಪ ಒಳಕ್ಕೆ ಕೂರಿಸಿ, ಸುತ್ತ ಅಂಚು ಎಬ್ಬಿಸಿ, ಸ್ಪಂಜು ಹಚ್ಚಿ ಈ ಸೋರಿಕೆ ತಗ್ಗಿಸುತ್ತಾರೆ. ಅಗ್ಗದ ತೆಳು ಬಾರಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

ಇಲ್ಲಿ ಸೀಲಿಂಗ್ ತಗ್ಗಿದ್ದರಿಂದ ನಿಜವಾಗಿ ಏನು ನಷ್ಟ ಆಯಿತು ಅಂತ ಬೇರೆ ಮಾಡಿ ನೋಡಬೇಕು. ಇದೇ ಕೋಣೆಗೆ 12 ಅಡಿ ಸೀಲಿಂಗ್ ಇದ್ದಿದ್ದರೆ ನಡುಗೆರೆ ಏಳಡಿ ಮುಂದೆ ಬೀಳುತ್ತಿತ್ತು, ಭಾವನಿಗೆ ಹೆಚ್ಚು ಹತ್ತಿರ. ಇದು ಲಾಭ. ಆದರೆ ದಾರಿ ಇಪ್ಪತ್ತೊಂದಡಿ ಮೀರುತ್ತಿತ್ತು, ಸೀಲಿಂಗಿನಿಂದ ಬರುವ ಶಬ್ದ ಸುಮಾರು 3 ಡೆಸಿಬಲ್ ಇಳಿಯುತ್ತಿತ್ತು. ನೇರ ಸೋರಿಕೆ ಮಾತ್ರ ಅಷ್ಟೇ ಇರುತ್ತಿತ್ತು. ಇದು ನಷ್ಟ. ತಗ್ಗು ಸೀಲಿಂಗಿನಲ್ಲಿ ಪ್ರತಿಫಲನ ಗಟ್ಟಿ, ಗುರಿ ಮಾತ್ರ ತಪ್ಪಿರುತ್ತದೆ. ಎತ್ತರದ್ದರಲ್ಲಿ ಗುರಿ ಸರಿ, ಬಲ ಕಡಿಮೆ. ಗುರಿಯನ್ನು ನಾವು ಸರಿ ಮಾಡಿಕೊಳ್ಳಬಹುದು, ಕುರ್ಚಿ ಸರಿಸಿದರೆ ಆಯಿತು. ದಾರಿಯಲ್ಲಿ ಕಳೆದುಹೋದ ಶಬ್ದವನ್ನು ತರಲು ಆಗುವುದಿಲ್ಲ. ಎತ್ತರದ ಚಾನೆಲ್ಲಿನ ವಾಲ್ಯೂಮ್ ಏರಿಸಿದರೆ ಸೋರಿಕೆಯೂ ಅದರ ಜೊತೆಗೇ ಏರುತ್ತದೆ. ಹಾಗಾಗಿ ಎರಡರಲ್ಲಿ ಒಂದು ಆರಿಸು ಅಂದರೆ ನಾನು ಎಂಟಡಿಯನ್ನೇ ಆರಿಸುತ್ತೇನೆ.

ಕೋನದ ಮಾತೂ ಅಷ್ಟೇ. ಭಾವನ ಸೋಫಾದಿಂದ ನೋಡಿದರೆ ಶಬ್ದ ಬಡಿಯುವ ಜಾಗ ಕಣ್ಣಿನ ಮಟ್ಟದಿಂದ ಸುಮಾರು 48 ಡಿಗ್ರಿ ಮೇಲಿದೆ. ಸೀಲಿಂಗಿನ ಮುಂಭಾಗಕ್ಕೆ ನಿಜವಾದ ಸ್ಪೀಕರ್ ಹಾಕುವವರಿಗೆ ಡಾಲ್ಬಿ ಹೇಳುವುದು 30ರಿಂದ 55 ಡಿಗ್ರಿ. ನೆತ್ತಿಯ ಮೇಲೆ ಅನ್ನಿಸದಿದ್ದರೂ ಮುಂದೆ, ಮೇಲೆ ಅಂತೂ ಅನ್ನಿಸಬೇಕು.

ಸೋಫಾವನ್ನು ಮೂರಡಿ ಮುಂದಕ್ಕೆ ಎಳೆದು ಏಳಡಿಗೆ ತಂದೆವು. ಈಗ ಅವರು ನಡುಗೆರೆಯಿಂದ 12 ಡಿಗ್ರಿ ಚಿಲ್ಲರೆ ಮಾತ್ರ ಆಚೆ. ಶಬ್ದ ಬಡಿಯುವ ಜಾಗ 48ರಿಂದ 57 ಡಿಗ್ರಿಗೆ ಏರಿತು. ನೇರ ಶಬ್ದಕ್ಕೂ ಸೀಲಿಂಗಿನದ್ದಕ್ಕೂ ಇರುವ ಅಂತರ ಒಂದು ಮಿಲಿಸೆಕೆಂಡ್ ಹೆಚ್ಚಾಯಿತು. ಮಳೆಯ ದೃಶ್ಯ ಹಾಕಿದೆವು. ಭಾವ ಮೇಲೆ ನೋಡಿದರು. ಅಕ್ಕ ಮಾತ್ರ ಸೋಫಾ ನಡುಮನೆಗೆ ಬಂದದ್ದನ್ನು ನೋಡಿ, "ಕಸ ಹೊಡಿಯೋರು ಯಾರು ಇದರ ಸುತ್ತ?" ಅಂದರು. ಅದೂ ನ್ಯಾಯವೇ. ಕೊನೆಗೆ ಆದ ರಾಜಿ ಅಂದರೆ, ಸೋಫಾ ವಾಪಸ್ ಗೋಡೆಗೆ, ಸಿನಿಮಾ ನೋಡುವಾಗ ಜಮಖಾನದ ಮೇಲೆ ದಿಂಬು ಹಾಕಿ ಮುಂದೆ ಕೂರುವುದು. ಇದರಲ್ಲಿ ಸೋಫಾಗಿಂತ ಹೆಚ್ಚು ಲಾಭವೇ ಇದೆ. ಮೇಲಕ್ಕೆ ಹೊಡೆಯುವ ಸ್ಪೀಕರ್ ಕಿವಿಯ ಮಟ್ಟದಲ್ಲಿ ಅಥವಾ ತುಸು ಮೇಲೆ ಇರಬೇಕು, ಆಗ ನೇರ ಸೋರಿಕೆ ಕಡಿಮೆ ಬೀಳುತ್ತದೆ. ನೆಲಕ್ಕೆ ಕೂತರೆ ಕಿವಿ ಎರಡೂವರೆ ಅಡಿಗೆ ಇಳಿದು ಬಾರಿನ ಮಟ್ಟಕ್ಕೆ ಹತ್ತಿರ ಬರುತ್ತದೆ. ಮೇಲಾಗಿ ನುಣ್ಣನೆಯ ಕಲ್ಲು ನೆಲದಿಂದ ಎದ್ದು ಬರುವ ಪ್ರತಿಫಲನವನ್ನು ಜಮಖಾನ ಸ್ವಲ್ಪ ನುಂಗುತ್ತದೆ.

ಈಗ ಫ್ಯಾನಿನ ವಿಷಯ. ಹೊರದೇಶದ ವಿಮರ್ಶೆಗಳಲ್ಲಿ ಇದು ಬರುವುದೇ ಅಪರೂಪ. ಹತ್ತಡಿ ದೂರ ಕೂತಾಗ ಶಬ್ದ ಸೀಲಿಂಗಿಗೆ ಬಡಿಯುವುದು ಬಾರಿನಿಂದ ಐದೂವರೆ ಅಡಿ ಮುಂದೆ. ಬಾರ್ ಗೋಡೆಯಿಂದ ಅರ್ಧ ಅಡಿ ಈಚೆ ಇದೆ. ಅಂದರೆ ಗೋಡೆಯಿಂದ ಆರಡಿ, 12 ಅಡಿ ಕೋಣೆಯ ಸರಿಯಾದ ನಡು. ಅಲ್ಲಿ ಏನಿದೆ? ನಾಲ್ಕಡಿ ಅಗಲದ ಫ್ಯಾನ್. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಶಬ್ದ ಆ ರೆಕ್ಕೆಗಳನ್ನು ದಾಟಬೇಕು. ಮುಂದೆ ಕೂತರೆ ಬಡಿಯುವ ಜಾಗ ಗೋಡೆಯಿಂದ ನಾಲ್ಕಡಿ ಚಿಲ್ಲರೆಗೆ, ರೆಕ್ಕೆಯ ತುದಿಯ ಕಡೆಗೆ ಸರಿಯುತ್ತದೆ. ರೆಕ್ಕೆಗಳು ಆ ವೃತ್ತದ ಸ್ವಲ್ಪ ಭಾಗವನ್ನಷ್ಟೇ ಮುಚ್ಚುವುದರಿಂದ ಶಬ್ದ ಪೂರ್ತಿ ತಡೆಯುವುದಿಲ್ಲ, ಎಳೆದ ಸ್ವರದಲ್ಲಿ ಸಣ್ಣ ನಡುಕ ಕಾಣಬಹುದು ಅಷ್ಟೆ. ನಿಜವಾದ ಹೊಡೆತ ಫ್ಯಾನಿನ ಸದ್ದಿನದು. ಕಿಟಕಿಗೆ ಕೂಲರ್ ಇದ್ದರಂತೂ ಮುಗಿಯಿತು. ಅದರ ಭೋರ್ ಸದ್ದು ಬರುವುದೇ ಮಳೆ, ಗಾಳಿ, ಎಲೆ ಸದ್ದಿನ ಸಾಲಿನಲ್ಲಿ. ಮೇಲಿನಿಂದ ಬರಬೇಕಾದ ತೆಳು ಶಬ್ದಗಳನ್ನು ಅದು ಮೊದಲು ಮುಚ್ಚುತ್ತದೆ. ಮೇ ತಿಂಗಳಲ್ಲಿ ಕೂಲರ್ ಹಾಕಿಕೊಂಡೇ ಸಿನಿಮಾ ನೋಡುವ ಮನೆಯಾದರೆ ಎತ್ತರದ ಚಾನೆಲ್ಲಿಗೆ ದುಡ್ಡು ಹಾಕಬೇಡಿ ಅಂತ ನಾನು ನೇರವಾಗಿಯೇ ಹೇಳುತ್ತೇನೆ.

ಸೀಲಿಂಗಿನ ಮೈ ಬಗ್ಗೆ ಹೇಳುವುದಾದರೆ, ಆರ್‌ಸಿಸಿ, ಪಿಒಪಿ, ಜಿಪ್ಸಮ್ ಬೋರ್ಡು ಮೂರೂ ಈ ಕೆಲಸಕ್ಕೆ ಚೆನ್ನಾಗಿವೆ. ಚಪ್ಪಟೆಯಾಗಿರಬೇಕು ಅಷ್ಟೆ. ನಡುವೆ ತಟ್ಟೆಯಂತೆ ಎರಡು ಮೂರು ಮೆಟ್ಟಿಲು ಮಾಡಿ ಲೈಟ್ ಬಿಟ್ಟ ಡಿಸೈನು ಇದ್ದು, ಶಬ್ದ ಬಡಿಯುವ ಜಾಗ ಆ ಮೆಟ್ಟಿಲಿಗೇ ಬಿದ್ದರೆ ತೀಕ್ಷ್ಣ ಶಬ್ದ ಚದುರುತ್ತದೆ. 5 ಕಿಲೋಹರ್ಟ್ಸ್ ಶಬ್ದದ ಅಲೆ ಹೆಚ್ಚುಕಡಿಮೆ ಏಳು ಸೆಂಟಿಮೀಟರ್ ಉದ್ದ, ಆ ಮೆಟ್ಟಿಲುಗಳೂ ಸುಮಾರು ಅಷ್ಟೇ ಇರುತ್ತವೆ. ಆಫೀಸುಗಳಲ್ಲಿ ಚೌಕ ಚೌಕವಾಗಿ ಕೂರಿಸುವ ಸಣ್ಣ ತೂತುಗಳ ಮೆತ್ತನೆ ಹಲಗೆ ಇನ್ನೂ ಕೆಟ್ಟದ್ದು. ಅದನ್ನು ಮಾಡಿರುವುದೇ ಶಬ್ದ ಹೀರಲಿಕ್ಕೆ. ರಾಯಚೂರು, ಕೊಪ್ಪಳದ ಹಳ್ಳಿಗಳ ಮಣ್ಣಿನ ಮಾಳಿಗೆ ಮನೆಗಳಲ್ಲಿ ತೊಲೆ, ಜಂತೆ ಸಾಲಾಗಿ ಕೆಳಕ್ಕೆ ಇಳಿದಿರುತ್ತವೆ, ನಡುವೆ ಮೈ ಒರಟು. ಆ ಮನೆಗಳು ಬೇಸಿಗೆಯಲ್ಲಿ ತಂಪು, ಮಾತು ಕೇಳಲು ಹಿತ, ಆದರೆ ಅಲ್ಲಿ ಶಬ್ದ ಒಂದು ಕಡೆಗೆ ಅಂತ ತಿರುಗುವುದಿಲ್ಲ. ಮಹಡಿಯ ಮೇಲಿನ ತಗಡಿನ ಕೋಣೆಯಲ್ಲಿ ಇಳಿಜಾರು ಶಬ್ದವನ್ನು ಬೇರೆ ಗೋಡೆಗೆ ಕಳಿಸುತ್ತದೆ, ಅಲೆಅಲೆ ತಗಡು ಉಳಿದದ್ದನ್ನು ಚದುರಿಸುತ್ತದೆ.

ನಿಮ್ಮ ಕೋಣೆಯಲ್ಲಿ ಶಬ್ದ ಎಲ್ಲಿ ಬಡಿಯುತ್ತದೆ ಅಂತ ನೋಡಲು ಲೆಕ್ಕವೇ ಬೇಕಿಲ್ಲ. ನೀವು ಮಾಮೂಲಿ ಜಾಗದಲ್ಲಿ ಕೂತುಕೊಳ್ಳಿ. ಫ್ಯಾನ್ ನಿಲ್ಲಿಸಿ, ಇನ್ನೊಬ್ಬರಿಗೆ ಸ್ಟೂಲ್ ಹತ್ತಿ ಸಣ್ಣ ಕನ್ನಡಿಯನ್ನು ಸೀಲಿಂಗಿಗೆ ಚಪ್ಪಟೆಯಾಗಿ ಒತ್ತಿ ಸರಿಸಲು ಹೇಳಿ. ಕನ್ನಡಿಯೊಳಗೆ ಬಾರಿನ ಜಾಲರಿ ನಿಮಗೆ ಎಲ್ಲಿ ಕಾಣುತ್ತದೋ ಶಬ್ದ ಬಡಿಯುವುದೂ ಅಲ್ಲೇ. ಅಲ್ಲಿ ಫ್ಯಾನೋ, ತೊಲೆಯೋ, ಪಿಒಪಿ ಮೆಟ್ಟಿಲೋ ಇದ್ದರೆ ಕಾರಣ ಸಿಕ್ಕಿತು. ಆಮೇಲೆ ಸೋರಿಕೆಯ ಪರೀಕ್ಷೆ. ಎತ್ತರದ ಶಬ್ದ ಚೆನ್ನಾಗಿರುವ ಒಂದು ಅಟ್ಮಾಸ್ ದೃಶ್ಯ ಹಾಕಿ, ಕುರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಜಾಲರಿಗಳ ಮೇಲೆ ಹಾಕಿಸಿ, ತೆಗೆಸಿ. ನೀವು ಕಣ್ಣು ಮುಚ್ಚಿರಬೇಕು. ತೆಗೆದಾಗ ಶಬ್ದ ಮೇಲಕ್ಕೆ ಏರಿದಂತೆ ಅನ್ನಿಸಿದರೆ ಸೀಲಿಂಗ್ ಕೆಲಸ ಮಾಡುತ್ತಿದೆ. ಬರೀ ಸ್ವಲ್ಪ ಹೊಳಪು ಬಂತು, ಜಾಗ ಬದಲಾಗಲಿಲ್ಲ ಅಂದರೆ ನಿಮಗೆ ಸಿಗುತ್ತಿರುವುದು ಸೋರಿಕೆ. ಏನೂ ವ್ಯತ್ಯಾಸವೇ ಇಲ್ಲ ಅಂದರೆ ಆ ಸ್ಪೀಕರಿಗೆ ಶಬ್ದವೇ ಹೋಗುತ್ತಿಲ್ಲ.

ಈ ಕೊನೆಯದ್ದು ಬಹಳ ಮನೆಗಳಲ್ಲಿ ಇರುತ್ತದೆ. ಬಾರನ್ನು ಆಪ್ಟಿಕಲ್ ವೈರಿನಿಂದ ಜೋಡಿಸಿದ್ದರೆ ಅಟ್ಮಾಸ್ ಬರುವುದಿಲ್ಲ, ಅದರಲ್ಲಿ ಹಳೆಯ 5.1 ಅಷ್ಟೇ ಸಾಗುತ್ತದೆ. ಟಿವಿಯಲ್ಲಿ `HDMI ARC` ಅಥವಾ `eARC` ಅಂತ ಬರೆದ ತೂತಿಗೇ ವೈರ್ ಹಾಕಬೇಕು. ಒಟಿಟಿ ಅಟ್ಮಾಸಿಗೆ ಸಾದಾ `ARC` ಸಾಕು. ಟಿವಿಯ ಸೌಂಡ್ ಸೆಟ್ಟಿಂಗ್ `PCM` ಇದ್ದರೆ ಅದನ್ನು `Auto` ಅಥವಾ `Pass Through` ಮಾಡಿ. ನೆಟ್‌ಫ್ಲಿಕ್ಸ್‌ನಲ್ಲಿ ಅಟ್ಮಾಸ್ ಸಿಗುವುದು ಪ್ರೀಮಿಯಂ ಪ್ಲಾನಿಗೆ ಮಾತ್ರ. ಇಷ್ಟೆಲ್ಲ ಮಾಡಿದ ಮೇಲೂ ಕೇಬಲ್ ಚಾನೆಲ್ ಹಾಕಿದಾಗ ಮೇಲಿನಿಂದ ಏನೋ ಬಂತು ಅಂದರೆ, ಅದು ಬಾರ್ ತಾನೇ ಎರಡು ಚಾನೆಲ್ಲಿನ ಶಬ್ದವನ್ನು ಹಿಗ್ಗಿಸಿ ಮೇಲಕ್ಕೂ ಹಂಚಿದ್ದು. ಧಾರಾವಾಹಿಯ ಅತ್ತೆ ಸೀಲಿಂಗಿನಿಂದ ಬೈದಂತೆ ಕೇಳಿದರೆ ಆ ಮೋಡ್ ಆಫ್ ಮಾಡಿಬಿಡಿ.

ಟಿವಿಗಳ ಮೇಲಿನ ಅಟ್ಮಾಸ್ ಸ್ಟಿಕರಿಗೂ, ನೆತ್ತಿಗೆ ಜಾಲರಿ ಇಲ್ಲದ 2.1 ಬಾರಿನ ಸ್ಟಿಕರಿಗೂ ಸೀಲಿಂಗಿನ ಸಂಬಂಧವೇ ಇಲ್ಲ. ಅವು ಅಟ್ಮಾಸ್ ಫೈಲನ್ನು ಓದಿ, ಆ ಕಿವಿಮಡಿಕೆಯ ಗುರುತನ್ನಷ್ಟೇ ಬೆರೆಸಿ ಎದುರಿನಿಂದ ನುಡಿಸುತ್ತವೆ. ಸುಳ್ಳು ಅಂತ ಹೇಳಲಾರೆ, ಆದರೆ ನಡು ಜಾಗದಲ್ಲಿ ಅಲ್ಲಾಡದೆ ಕೂತವರಿಗೆ ಅಗಲ ಹೆಚ್ಚಾದಂತೆ ಅನ್ನಿಸುತ್ತದೆ, ಎತ್ತರ ಅಪರೂಪ. ತಗಡಿನ ಕೋಣೆ, ಮಾಳಿಗೆ ಮನೆ, ಮೆತ್ತನೆ ಹಲಗೆಯ ಸೀಲಿಂಗ್ ಇರುವವರು ಮಾತ್ರ ಇದನ್ನೇ ತಗೊಂಡು, ಉಳಿದ ದುಡ್ಡನ್ನು ಹಿಂದಿನ ಎರಡು ಸ್ಪೀಕರ್ ಇರುವ ಸೆಟ್ಟಿಗೆ ಹಾಕುವುದು ಮೇಲು. ಹಿಂದಿನಿಂದ ಬರುವ ಶಬ್ದಕ್ಕೆ ಸೀಲಿಂಗಿನ ಹಂಗಿಲ್ಲ.

ಇನ್ನು ಪಿಒಪಿ ಇನ್ನೂ ಮಾಡಿಸುತ್ತಿರುವವರು, ಹೇಗೂ ಕೊರೆಯುತ್ತಿದ್ದಾರೆ ಅಂತ ಸೀಲಿಂಗಿಗೇ ಸ್ಪೀಕರ್ ಹಾಕಿಸಲೇ ಅಂತ ಕೇಳುತ್ತಾರೆ. ಆಂಪ್ಲಿಫೈಯರ್, ವೈರು, ಎಲ್ಲದಕ್ಕೂ ತಯಾರಿದ್ದರೆ ಅದಕ್ಕೆ ಸಾಟಿ ಇಲ್ಲ, ಸೋರಿಕೆಯ ಗೋಳೇ ಇರುವುದಿಲ್ಲ. ಆದರೆ ಎಂಟಡಿ ಸೀಲಿಂಗಿನಲ್ಲಿ ಸೋಫಾದವರ ಕಿವಿಗೂ ಸ್ಪೀಕರಿಗೂ ಐದಡಿ ಮಾತ್ರ ಇರುತ್ತದೆ. ಸರಿಯಾಗಿ ಅದರ ಕೆಳಗೆ ಕೂತವರಿಗೆ ಮಳೆ ಇಡೀ ಮಾಳಿಗೆಯ ಮೇಲೆ ಸುರಿಯುವ ಬದಲು ಒಂದೇ ತೂತಿನಿಂದ ಸೋರಿದಂತೆ ಕೇಳುತ್ತದೆ. ಹಾಗಾಗಿ ನೆತ್ತಿಯ ಮೇಲೆ ಹಾಕಿಸದೆ ಕೂರುವ ಜಾಗಕ್ಕಿಂತ ನಾಲ್ಕೈದು ಅಡಿ ಮುಂದೆ ಹಾಕಿಸಬೇಕು. ಪಿಒಪಿಯವರು ಲೈಟಿನ ಸಾಲಿಗೆ ಸರಿಯಾಗಿ ಕಾಣಲಿ ಅಂತ ಕೋಣೆಯ ನಾಲ್ಕು ಮೂಲೆಗೆ ತೂತು ಕೊರೆಯುತ್ತಾರೆ. ಅವರು ಮಷಿನ್ ಹಿಡಿಯುವ ಮೊದಲೇ ಸೋಫಾ ಎಲ್ಲಿ ಬರುತ್ತದೆ ಅಂತ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಅಲ್ಲಿಂದ ಅಳೆದು ಕೊಡಿ.